ಡಾಲರ್ 83 ರೂಪಾಯಿ ಆಸುಪಾಸು ಇದ್ದಾಗಿನ ಮಾತು: ರೇಟ್ ಕೇಳಿದ್ರೆ ಬರೀ '41–42' ಅಂತಾರೆ, ಮುಂದಿನ 83 ಎಲ್ಲಿ ಹೋಯ್ತು?

ಗಾರ್ಮೆಂಟ್ ಅಕೌಂಟ್ಸ್: ಬೊಮ್ಮಸಂದ್ರದ ಒಂದು ಎಕ್ಸ್‌ಪೋರ್ಟ್ ಕಂಪನಿ ಅಕೌಂಟ್ಸ್‌ಗೆ ಹೊಸದಾಗಿ ಸೇರಿದೀನಿ. ಡಾಲರ್ ಮಾರೋಕೆ ಬ್ಯಾಂಕ್ ಡೀಲರ್‌ಗೆ ಫೋನ್ ಮಾಡಿದ್ರೆ "ನಲವತ್ತೊಂದು, ನಲವತ್ತೆರಡು" ಅಂದು ಸುಮ್ನಾಗ್ತಾರೆ. 83 ಅಂತ ನಾನೇ ಅಂದ್ಕೋಬೇಕಾ? ತಪ್ಪು ತಿಳ್ಕೊಂಡ್ರೆ ಏನ್ ಗತಿ? ಅನುಭವ ಇದ್ದೋರು ಹೇಳಿ ಪ್ಲೀಸ್.

ರಾಜಾಜಿನಗರ ಹುಡುಗ: ಮೇಡಂ ಅದು ಬ್ಯಾಂಕ್‌ನೋರ ಟ್ರಿಕ್ಕು. ಪೂರ್ತಿ ರೇಟ್ ಹೇಳಿದ್ರೆ ನೀವು ಟಿವಿ ರೇಟ್ ಜೊತೆ ಹೋಲಿಸಿ ನೋಡ್ತೀರ, ಅವ್ರ ಮಾರ್ಜಿನ್ ಸಿಕ್ಕಿಹಾಕ್ಕೊಳ್ಳುತ್ತೆ, ಅದಕ್ಕೇ ಅರ್ಧ ಹೇಳೋದು.

ಹಳೇ ಡೀಲರ್: ಮಾರ್ಜಿನ್ ಇಟ್ಕೊಳ್ಳೋದು ನಿಜ, ಆದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಗುರು. ಮಾರ್ಜಿನ್ ಕೂತಿರೋದೇ ಆ ಹೇಳೋ ಪೈಸೆ ಒಳಗೆ, ಮೊದಲ್ನೇದು ಬ್ಯಾಂಕ್ ಕೊಳ್ಳೋ ರೇಟು, ಎರಡನೇದು ಮಾರೋ ರೇಟು. ಮಾರ್ಕೆಟ್‌ನಲ್ಲಿ 41 ಇದ್ರೆ ನಿಮಗೆ 37 ಅಂತಾರೆ, ಆ ನಾಲ್ಕು ಪೈಸೆ ಅವ್ರದು. 83 ಅನ್ನೋದನ್ನ ಮುಚ್ಚಿಟ್ಟು ಯಾರಿಗೂ ಏನೂ ಸಿಗಲ್ಲ, ಅದು ಎಲ್ಲರ ಸ್ಕ್ರೀನ್ ಮೇಲೂ ಇರುತ್ತೆ.

ನಾನು ಮುಂಬೈನಲ್ಲಿ ಡೀಲಿಂಗ್ ರೂಮ್‌ನಲ್ಲಿ ಒಂಬತ್ತು ವರ್ಷ ಕೂತಿದ್ದೆ, ಅಲ್ಲಿನ ಲೆಕ್ಕ ಹೇಳ್ತೀನಿ. ಆ 83ಕ್ಕೆ ನಾವು ಬಿಗ್ ಫಿಗರ್ ಅಂತೀವಿ, ಅಮೆರಿಕದೋರು ಹ್ಯಾಂಡಲ್ ಅಂತಾರೆ. ಮಾಮೂಲಿ ದಿನ ಬೆಳಿಗ್ಗೆ 9ರಿಂದ ಮಧ್ಯಾಹ್ನ 3:30ರವರೆಗೆ ಡಾಲರ್ ಹತ್ತಿಪ್ಪತ್ತು ಪೈಸೆ ಆಚೀಚೆ ಓಡಾಡಿದ್ರೆ ದೊಡ್ಡದು, 83 ಅಲ್ಲೇ ಕೂತಿರುತ್ತೆ. ಬ್ರೋಕರ್ ಸ್ಪೀಕರ್ ಬಾಕ್ಸ್‌ನಲ್ಲಿ ಕೂಗ್ತಾನೇ ಇರ್ತಾನೆ, ನಾಲ್ಕು ಬ್ಯಾಂಕ್ ಏಕಕಾಲಕ್ಕೆ ಕೇಳ್ತಿರುತ್ತೆ, ಅಂಥಾ ಹೊತ್ತಲ್ಲಿ ಪ್ರತಿ ಸಲ "ಎಂಬತ್ಮೂರು ರೂಪಾಯಿ ನಲವತ್ತೊಂದು ಪೈಸೆ" ಅಂತ ಹೇಳಿ ಮುಗಿಸೋಷ್ಟ್ರಲ್ಲಿ ರೇಟೇ ಬೇರೆ ಆಗಿರುತ್ತೆ. ಬದಲಾಗೋದನ್ನ ಮಾತ್ರ ಹೇಳೋದು. ಡೀಲ್ ಆದ್ಮೇಲೆ ಮಾತ್ರ "83.41ಕ್ಕೆ ಐದು ಮಿಲಿಯನ್ ಕೊಂಡೆ" ಅಂತ ಪೂರ್ತಿ ಹೇಳಿ ಕನ್ಫರ್ಮ್ ಮಾಡ್ಕೋತೀವಿ.

ಗೊಂದಲ ಆಗೋದು 84ರ ಹೊಸಿಲಲ್ಲಿ. "ತೊಂಬತ್ತೊಂಬತ್ತು, ಒಂದು" ಅಂದ್ರೆ ಏನು? ಕೊಳ್ಳೋ ರೇಟು ಯಾವಾಗಲೂ ಮಾರೋ ರೇಟಿಗಿಂತ ಕಮ್ಮಿನೇ ಇರ್ಬೇಕು, ಅಂದ್ಮೇಲೆ ಎರಡನೇ ಅಂಕಿ ಚಿಕ್ಕದಾಗಿ ಕೇಳಿಸ್ತು ಅಂದ್ರೆ ನಡುವೆ ರೂಪಾಯಿ ದಾಟಿದೆ ಅಂತ: 83.99ಕ್ಕೆ ತಗೋತೀನಿ, 84.01ಕ್ಕೆ ಕೊಡ್ತೀನಿ. ಸರಿಯಾಗಿ 84.00 ಇದ್ರೆ ಸೊನ್ನೆ ಸೊನ್ನೆ ಅನ್ನಲ್ಲ, ಬರೀ "ಫಿಗರ್" ಅಂತೀವಿ. ಹೊಸಬ್ರು ಅದನ್ನ ಕೇಳಿ "ಯಾವ ಫಿಗರ್ ಸರ್?" ಅಂತ ಕೇಳಿ ಬೈಸ್ಕೊಂಡಿದ್ದಿದೆ, ನಾನೂ ಒಬ್ಬ.

ಮಂಡ್ಯ ಗೌಡ: ಇದ್ರಲ್ಲಿ ಏನ್ ಹೊಸದು ಸ್ವಾಮಿ, ನಮ್ಮ ದನದ ಜಾತ್ರೇಲಿ ಟವಲ್ ಕೆಳಗೆ ಬೆರಳು ಹಿಡ್ದು ವ್ಯಾಪಾರ ಮಾಡಲ್ವ? ನಾಲ್ಕು ಬೆರಳು ಹಿಡಿದ್ರೆ ನಾಲ್ಕು ಸಾವಿರನೋ ನಲವತ್ತು ಸಾವಿರನೋ ಎತ್ತಿನ ಹಲ್ಲು ನೋಡಿದೋನಿಗೆ ಗೊತ್ತಿರುತ್ತೆ. ಪಕ್ಕದಲ್ಲಿ ನಿಂತೋನಿಗೆ ಗೊತ್ತಾಗ್ಬಾರದು ಅಂತ ಮಾಡೋದು ಅದು.

ಹಳೇ ಡೀಲರ್: ಗೌಡ್ರೇ, ಅರ್ಧ ಸರಿ. ದೊಡ್ಡ ಮೊತ್ತ ಇಬ್ಬರಿಗೂ ಗೊತ್ತಿರುತ್ತೆ ಅನ್ನೋದು ಅದೇ. ಆದ್ರೆ ನಮ್ಮದು ಗುಟ್ಟಿಗಲ್ಲ, ಬಾಕ್ಸ್‌ನಲ್ಲಿ ಎಲ್ಲರಿಗೂ ಕೇಳೋ ಹಾಗೇ ಕೂಗೋದು.

ಪೀಣ್ಯ ಪಾರ್ಟ್ಸ್: ಮೇಡಂ ನೀವು ಕೇಳಿದ "ಏನ್ ಗತಿ" ನನಗೆ ಆಗಿದೆ, ಕೇಳಿ. ಬೆಳಿಗ್ಗೆ 84.05 ನೋಡಿದ್ದೆ, ಇನ್ನೂ ಏರುತ್ತೆ ಅಂತ ಸುಮ್ನಿದ್ದೆ, ಶಾಪ್ ಫ್ಲೋರ್‌ನಲ್ಲಿ ಒಂದು ಮೆಷಿನ್ ನಿಂತೋಯ್ತು ಅಂತ ಅಲ್ಲಿಗೆ ಹೋಗಿ ಎರಡು ಗಂಟೆ ಆದ್ಮೇಲೆ ಬಂದು ಫೋನ್ ಮಾಡಿದೆ. ಡೀಲರ್ "ತೊಂಬತ್ತಾರು ಕೊಡ್ತೀನಿ ಸರ್" ಅಂದ. ನನ್ನ ತಲೇಲಿ 84 ಕೂತುಬಿಟ್ಟಿತ್ತು, 84.96 ಅಂದ್ಕೊಂಡು ಖುಷಿಯಾಗಿ ಎರಡೂವರೆ ಲಕ್ಷ ಡಾಲರ್ "ಡನ್" ಅಂದೆ. ಡೀಲ್ ಸ್ಲಿಪ್ ಬಂತು ನೋಡಿದ್ರೆ 83.96! ನನ್ನ ಲೆಕ್ಕಕ್ಕೂ ಸ್ಲಿಪ್ಪಿಗೂ ಎರಡೂವರೆ ಲಕ್ಷ ರೂಪಾಯಿ ವ್ಯತ್ಯಾಸ. ಜಗಳ ಮಾಡ್ದೆ, ಫೋನ್ ರೆಕಾರ್ಡಿಂಗ್ ಹಾಕಿಸ್ದೆ, ಅದರಲ್ಲಿ ಇಬ್ಬರೂ ರೂಪಾಯಿ ಮಾತೇ ಎತ್ತಿಲ್ಲ. ಅವ್ರು ಆ ಹೊತ್ತಿನ ಸ್ಕ್ರೀನ್ ತೋರ್ಸಿ, ಮಾರ್ಕೆಟ್ 84.96 ಮುಟ್ಟೇ ಇಲ್ಲವಲ್ಲ ಸರ್ ಅಂದ್ರು, ನಾನು ಬಾಯಿ ಮುಚ್ಕೊಂಡೆ. ನನ್ನ ಪ್ರಕಾರ ರೂಪಾಯಿ ಹೇಳೋ ಜವಾಬ್ದಾರಿ ರೇಟ್ ಕೊಡೋನದೇ, ಈಗ್ಲೂ ಅದೇ ಹೇಳ್ತೀನಿ.

ಹಳೇ ಡೀಲರ್: ಪೀಣ್ಯ ಸರ್, ನಿಮ್ಮ ಕಥೆಯಲ್ಲೇ ಉತ್ತರ ಇದೆ. ಕೊನೇ ಸಲ ನೋಡಿದ ರೇಟಿಗೆ ಹತ್ರ ಇರೋದ್ನೇ ತಗೋಬೇಕು. 84.05ರಿಂದ 83.96 ಅಂದ್ರೆ 9 ಪೈಸೆ ಇಳಿತ, 84.96 ಅಂದ್ರೆ 91 ಪೈಸೆ ಏರಿಕೆ. ಎರಡು ಗಂಟೇಲಿ ಯಾವ್ದು ನಡೆಯೋ ಮಾತು ನೀವೇ ಹೇಳಿ. ಯಾರೂ ಪುಸ್ತಕದಲ್ಲಿ ಬರೆದಿಲ್ಲ, ಆದ್ರೆ ಡೀಲರ್ ಕಿವಿ ಹೀಗೇ ಕೆಲಸ ಮಾಡೋದು.

ಇದು ಕೈ ಕೊಡೋದೂ ಉಂಟು. ಮಧ್ಯದಲ್ಲಿ ಐವತ್ತು ಪೈಸೆ ಮೇಲೆ ಓಡಿಬಿಟ್ರೆ "ಹತ್ರದ್ದು" ಅನ್ನೋದು ಸುಳ್ಳಾಗುತ್ತೆ. 2013ರ ಆಗಸ್ಟ್ 28 ನೆನಪಿಸ್ಕೊಳ್ಳಿ, ಹಿಂದಿನ ದಿನ 66.24ಕ್ಕೆ ಮುಗಿದಿದ್ದ ಡಾಲರ್ ಆವತ್ತು 68.80ಕ್ಕೆ ಮುಗೀತು. ಒಂದೇ ದಿನ 67, 68 ಎರಡೂ ದಾಟಿದ್ದು! ಅಂಥಾ ದಿನ "ಐವತ್ತು" ಅಂದ್ರೆ 66.50ನೋ 67.50ನೋ 68.50ನೋ, ಯಾವ ದೇವ್ರಿಗೆ ಗೊತ್ತು. ಅಂಥಾ ಹೊತ್ತಲ್ಲಿ ರೂಪಾಯಿ ಸೇರಿಸಿ ಹೇಳದೆ ಬೇರೆ ದಾರಿ ಇಲ್ಲ. ಜವಾಬ್ದಾರಿ ಯಾರದು ಅನ್ನೋದು ಬಿಡಿ, ದುಡ್ಡು ಹೋಗೋದು ಕೇಳಿಸ್ಕೊಂಡೋನದು.

ಪೀಣ್ಯ ಪಾರ್ಟ್ಸ್: ಅದನ್ನ ಒಪ್ಪಲ್ಲ ಸರ್, ಕಸ್ಟಮರ್ ಎಲ್ಲಿ ಟ್ರೇಡಿಂಗ್ ಸ್ಕ್ರೀನ್ ಇಟ್ಕೊಂಡು ಕೂತಿರ್ತಾನೆ.

ಬ್ಯಾಕ್ ಆಫೀಸ್ ಅಕ್ಕ: ಇನ್ನೊಂದು ಸೇರಿಸ್ತೀನಿ, ಯಾಕಂದ್ರೆ ನಮ್ಮಲ್ಲಿ ಟ್ರೈನಿ ಹುಡುಗ ಇದನ್ನೇ ಮಾಡ್ಕೊಂಡ. ಒಂದು ತಿಂಗಳಾದ್ಮೇಲೆ ಡಾಲರ್ ಕೊಡೋ ಡೀಲ್, ಅಂದ್ರೆ ಫಾರ್ವರ್ಡ್‌ಗೆ "14–15" ಅಂತ ಡೀಲರ್ ಹೇಳಿದ್ರೆ ಅದು 83.14 ಅಲ್ಲ. ಅದು ಪ್ರೀಮಿಯಂ, ಸ್ಪಾಟ್, ಅಂದ್ರೆ ಈಗಿನ ರೇಟಿನ ಮೇಲೆ ಕೂಡಿಸ್ಬೇಕಾದ ಪೈಸೆ. ಸ್ಪಾಟ್ 83.41 ಇದ್ರೆ ಮಾರೋರಿಗೆ 83.55 ಆಗುತ್ತೆ. ಅವನು 83.14 ಅಂತ ಎಂಟ್ರಿ ಹಾಕಿದ್ದ, ಪುಣ್ಯಕ್ಕೆ ಕನ್ಫರ್ಮೇಷನ್ ಹೋಗೋ ಮೊದ್ಲು ಸಿಕ್ತು. ಯೂರೋ ಡಾಲರ್ ಆದ್ರೆ ಇನ್ನೂ ಬೇರೆ, 1.0845ರಲ್ಲಿ ಬಿಗ್ ಫಿಗರ್ 1.08, ಹೇಳೋದು ಬರೀ 45. ಅಲ್ಲಿ ಪೈಸೆ ಅಂತ ಯೋಚಿಸೋಕೆ ಹೋಗ್ಬೇಡಿ ಮೇಡಂ.

ಗಾರ್ಮೆಂಟ್ ಅಕೌಂಟ್ಸ್: ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅಂದ್ರೆ ನಾನು ಡನ್ ಅನ್ನೋಕೆ ಮುಂಚೆ ಏನ್ ಅನ್ಬೇಕು? ಪೂರ್ತಿ ರೇಟ್ ಕೇಳಿದ್ರೆ ಹೊಸಬ್ರು ಅಂತ ನಗಲ್ವಾ?

ಹಳೇ ಡೀಲರ್: ಕೇಳ್ಬೇಡಿ, ನೀವೇ ಹೇಳ್ಬಿಡಿ. "83.41ಕ್ಕೆ ಐವತ್ತು ಸಾವಿರ ಡಾಲರ್ ಮಾರ್ತಿದೀನಿ, ಡನ್" ಅಂದ್ರೆ ತಪ್ಪಿದ್ರೆ ಅವನೇ ಅರಚ್ಕೋತಾನೆ. ನಗೋರು ಯಾರೂ ಇಲ್ಲ, ಡೀಲರ್ ಡೀಲರ್ ಮಧ್ಯೆನೂ ಕೊನೆಗೆ ಹಾಗೇ ಹೇಳೋದು. ಫೋನೇ ಬೇಡ ಅಂದ್ರೆ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದ್ರೆ ಸಿಸಿಐಎಲ್ ಅವ್ರ ಎಫ್‌ಎಕ್ಸ್-ರೀಟೇಲ್ ಅನ್ನೋ ಆನ್‌ಲೈನ್ ವ್ಯವಸ್ಥೆ ಇದೆ, 2019ರಿಂದ ನಡೀತಿದೆ, ಅಲ್ಲಿ ಸ್ಕ್ರೀನ್ ಮೇಲೆ ಪೂರ್ತಿ ರೇಟೇ ಇರುತ್ತೆ. ನಿಮ್ಮ ಬ್ಯಾಂಕ್ ಅದರಲ್ಲಿ ನಿಮ್ಮನ್ನ ಸೇರಿಸಿಕೊಡುತ್ತಾ ಕೇಳಿ ನೋಡಿ.

ರಾಜಾಜಿನಗರ ಹುಡುಗ: ಆದ್ರೂ ಆ ನಾಲ್ಕು ಪೈಸೆ ಮಾರ್ಜಿನ್ ಜಾಸ್ತಿನೇ ಆಯ್ತಪ್ಪ.