ತೊಟ್ಟಿ ಮನೆಯ ವೈಫೈ ನಕ್ಷೆ: ನಡೆದು ಅಳೆದವರ ಅನುಭವ

ಕೇಳಿದವರು, ಸಾಗರ: ನಮ್ಮ ಹಳೆಯ ತೊಟ್ಟಿ ಮನೆಗೆ ಫೈಬರ್ ಸಂಪರ್ಕ ಬಂದಿದೆ. ರೂಟರ್ ಜಗಲಿಯಲ್ಲಿದ್ದು, ಹಿಂದಿನ ಕೋಣೆಗಳಲ್ಲಿ ವೈಫೈ ಸರಿಯಾಗಿ ಸಿಗುವುದಿಲ್ಲ. ಮೊಬೈಲ್ ಆ್ಯಪ್ ಹಿಡಿದು ಮನೆಯೆಲ್ಲ ನಡೆದು ಸಿಗ್ನಲ್ ನಕ್ಷೆ ಮಾಡಿದವರಿದ್ದರೆ ದಯವಿಟ್ಟು ಕ್ರಮ ತಿಳಿಸಿ. ಆ ನಕ್ಷೆಯನ್ನು ಎಷ್ಟು ನಂಬಬಹುದು?

ಶಿರಸಿಯಿಂದ: ನಮ್ಮದೂ ಮಣ್ಣಿನ ಗೋಡೆಯ ತೊಟ್ಟಿ ಮನೆಯೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಚೌಕುಳಿ ಹಾಳೆಯ ಮೇಲೆ ಮನೆಯ ನಕ್ಷೆ ಬರೆದು, ಅದರ ಫೋಟೊವನ್ನು ಆ್ಯಪ್‌ಗೆ ಹಾಕಿ, ಟೇಪು ಹಿಡಿದು ಅಳೆದ ಜಗಲಿಯ ಉದ್ದವನ್ನು ಅಳತೆಗೆ ಆಧಾರವಾಗಿ ಕೊಟ್ಟೆ. ಅಟ್ಟಕ್ಕೆ ಬೇರೆಯದೇ ಹಾಳೆ ಬೇಕು. ರೂಟರಿನ ಸೆಟ್ಟಿಂಗ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್‌ಗೆ ತಾತ್ಕಾಲಿಕವಾಗಿ ಬೇರೆ ಬೇರೆ ಹೆಸರು ಕೊಡಿ. ಇಲ್ಲದಿದ್ದರೆ ಫೋನು ನಡುದಾರಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ನೀವು ಯಾವುದನ್ನು ಅಳೆಯುತ್ತಿದ್ದೀರಿ ಎಂಬುದೇ ತಿಳಿಯುವುದಿಲ್ಲ.

ನಡೆಯುವ ವೇಗದ ವಿಷಯದಲ್ಲಿ ತಾಳ್ಮೆ ಬೇಕು. ತೆರೆಯ ಮೇಲಿನ ಅಂಕಿ ಕ್ಷಣಕ್ಷಣಕ್ಕೂ ಬದಲಾಗುವುದಿಲ್ಲ, ಕೆಲವು ಸೆಕೆಂಡಿಗೊಮ್ಮೆ ಮಾತ್ರ ಹೊಸದಾಗುತ್ತದೆ. ಸರಸರನೆ ನಡೆದರೆ ನಡುಮನೆಯ ಅಂಕಿಯೇ ದೇವರ ಕೋಣೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಒಂದೊಂದು ಜಾಗದಲ್ಲೂ ನಿಂತು, ಅಂಕಿ ನೆಲೆಗೊಂಡ ಮೇಲೆ ಗುರುತು ಹಾಕಿ. ಆಂಡ್ರಾಯ್ಡ್ ಫೋನಾದರೆ ಡೆವಲಪರ್ ಆಯ್ಕೆಗಳಲ್ಲಿ `Wi-Fi scan throttling` ಎಂಬುದನ್ನು ಆಫ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅದು ಚಾಲೂ ಇದ್ದರೆ, ಸುತ್ತಲಿನ ನೆಟ್‌ವರ್ಕ್‌ಗಳನ್ನು ಹುಡುಕುವ ಆ್ಯಪ್‌ಗೆ ಎರಡು ನಿಮಿಷಕ್ಕೆ ನಾಲ್ಕು ಸಲ ಮಾತ್ರ ಅವಕಾಶ ಸಿಗುತ್ತದೆ. ಫೋನನ್ನು ಎಲ್ಲೆಡೆಯೂ ಎದೆಯ ಮಟ್ಟದಲ್ಲೇ ಹಿಡಿಯಿರಿ. ರೂಟರಿಗೆ ಬೆನ್ನು ಹಾಕಿ ನಿಂತರೆ ನಮ್ಮ ಮೈಯೇ ಅಡ್ಡವಾಗಿ ಅಂಕಿ ಕುಸಿಯುತ್ತದೆ.

ಇನ್ನು ನಂಬುವ ಮಾತು. ನಮ್ಮ ಮನೆಯಲ್ಲಿ 5 ಗಿಗಾಹರ್ಟ್ಸ್‌ನ ಸಿಗ್ನಲ್ ತೊಟ್ಟಿಯ ಬಯಲನ್ನು ದಾಟಿ ಆಚೆ ಬದಿಯ ಕಂಬದ ಬಳಿಯೂ ಮೈನಸ್ 58 ಡಿಬಿಎಂ ಇತ್ತು; ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ ಹೆಚ್ಚು. ಆದರೆ ಜಗಲಿಗೆ ಅದಕ್ಕಿಂತ ಹತ್ತಿರವಿರುವ, ಒಂದೂವರೆ ಅಡಿಯ ಮಣ್ಣಿನ ಗೋಡೆಯ ಹಿಂದಿನ ಉಗ್ರಾಣದಲ್ಲಿ ಮೈನಸ್ 79ಕ್ಕೆ ಇಳಿದಿತ್ತು. ಮೊದಲ ಸುತ್ತಿನಲ್ಲಿ ಉಗ್ರಾಣದೊಳಗೆ ಗುರುತು ಹಾಕಿರಲಿಲ್ಲವಾದ್ದರಿಂದ ಆ್ಯಪ್ ಅದಕ್ಕೂ ಹಸಿರು ಬಣ್ಣವನ್ನೇ ಬಳಿದಿತ್ತು. ನಾನು ಬಳಸಿದ ಆ್ಯಪ್‌ಗೆ ಗೋಡೆಯೆಂಬುದೇ ಗೊತ್ತಿಲ್ಲ. ಎರಡು ಗುರುತುಗಳ ನಡುವಿನ ಜಾಗವನ್ನು ಅದು ಅಂದಾಜಿನಿಂದ ತುಂಬುತ್ತದೆ. ಆದ್ದರಿಂದ ಪ್ರತಿ ಗೋಡೆಯ ಎರಡೂ ಬದಿಯಲ್ಲಿ ಗುರುತು ಹಾಕಿ, ಬಣ್ಣಕ್ಕಿಂತ ಗುರುತಿನ ಅಂಕಿಯನ್ನು ನೋಡಿ. ವಿಡಿಯೊ ಕರೆ ತಡವರಿಸಬಾರದೆಂದರೆ ಮೈನಸ್ 67ಕ್ಕಿಂತ ಕೆಳಗೆ ಇಳಿಯದಿದ್ದರೆ ಒಳ್ಳೆಯದು.

ಮೈಸೂರಿನಿಂದ: ಇಷ್ಟೆಲ್ಲ ಶ್ರಮ ಅನವಶ್ಯಕವೆಂದು ನನ್ನ ಅಭಿಪ್ರಾಯ. ಸಿಗ್ನಲ್ ಪೂರ್ಣವಿದ್ದೂ ಇಂಟರ್‌ನೆಟ್ ನಿಧಾನವಾಗಿರುವುದನ್ನು ನಾನು ನೋಡಿದ್ದೇನೆ. ಪ್ರತಿ ಕೋಣೆಯಲ್ಲಿ ವೇಗ ಪರೀಕ್ಷೆ ಮಾಡಿ, ಎಲ್ಲಿ ತೀರಾ ಕಡಿಮೆಯೋ ಅಲ್ಲಿ ಒಂದು ಎಕ್ಸ್‌ಟೆಂಡರ್ ಇಟ್ಟರೆ ಮುಗಿಯಿತು.

ಶಿರಸಿಯಿಂದ: ವೇಗವನ್ನೂ ಪರೀಕ್ಷಿಸಬೇಕೆಂಬ ಮಾತು ಸರಿ, ಸಿಗ್ನಲ್ ನಕ್ಷೆ ವೇಗದ ನಕ್ಷೆಯಲ್ಲ. ಆದರೆ ಎಕ್ಸ್‌ಟೆಂಡರನ್ನು ಸಿಗ್ನಲ್ ಸತ್ತ ಜಾಗದಲ್ಲಿ ಇಟ್ಟರೆ ಅದಕ್ಕೇ ಏನೂ ಸಿಗದು, ಅದು ಹಂಚುವುದಾದರೂ ಏನನ್ನು? ರೂಟರಿನಿಂದ ಮೈನಸ್ 60ರ ಆಸುಪಾಸಿನಲ್ಲಿ ಸಿಗುವ ಜಾಗವೇ ಅದಕ್ಕೆ ತಕ್ಕದ್ದು. ನಕ್ಷೆಯ ನಿಜವಾದ ಉಪಯೋಗ ಆ ಜಾಗವನ್ನು ಹುಡುಕುವುದರಲ್ಲಿದೆ. ನಾವು ತೊಟ್ಟಿಯಾಚೆಯ ಆ ಕಂಬದ ಬಳಿಯೇ ಇಟ್ಟೆವು. ಅಲ್ಲಿಂದ ಬಾಗಿಲಿನ ಮೂಲಕ ಅಡುಗೆಮನೆಗೂ, ಹಲಗೆಯ ಮಾಳಿಗೆಯ ಮೂಲಕ ಅಟ್ಟಕ್ಕೂ ಸಲೀಸಾಗಿ ಸಿಗುತ್ತದೆ. ಉಗ್ರಾಣ ಮಾತ್ರ ಇಂದಿಗೂ ಹಾಗೆಯೇ ಇದೆ, ಅಲ್ಲಿರುವ ಅಡಿಕೆ ಮೂಟೆಗಳಿಗೆ ಅದರಿಂದ ತೊಂದರೆಯಿಲ್ಲ.

ಮೂಡಿಗೆರೆಯಿಂದ: ನಮ್ಮ ತೋಟದ ಮನೆಯಲ್ಲಿ ಮಹಡಿಯ ಒಂದು ಕಿಟಕಿಯ ಬಳಿ ಬಿಟ್ಟರೆ ಬೇರೆಲ್ಲೂ ಕರೆ ಮಾಡಲಾಗುವುದಿಲ್ಲ. ಈ ಆ್ಯಪ್‌ನಿಂದ ಟವರಿನ ದಿಕ್ಕು ತಿಳಿಯುವುದೇ?

ಬೆಂಗಳೂರಿನಿಂದ: ಅವರು ಕೇಳಿದ್ದು ಮನೆಯೊಳಗಿನ ವೈಫೈ ಬಗ್ಗೆ, ಸರ್. ಟವರಿನ ಸಿಗ್ನಲ್ ಅಳೆಯುವ ಆ್ಯಪ್‌ಗಳೇ ಬೇರೆ. ಮನೆಗೆ ಬ್ರಾಡ್‌ಬ್ಯಾಂಡ್ ಇದ್ದರೆ ಫೋನಿನಲ್ಲಿ ವೈಫೈ ಕರೆಯನ್ನು ಚಾಲೂ ಮಾಡಿ ನೋಡಿ.

ಕೇಳಿದವರು, ಸಾಗರ: ವಿವರಗಳಿಗೆ ಧನ್ಯವಾದಗಳು. ಮನೆಯಲ್ಲಿರುವುದು ಐಫೋನ್ ಮಾತ್ರ. ಅದರಲ್ಲೂ ಆಗುತ್ತದೆಯೇ?

ಬೆಂಗಳೂರಿನಿಂದ: ಸುತ್ತಲಿನ ನೆಟ್‌ವರ್ಕ್‌ಗಳ ಸಿಗ್ನಲ್ ಅಂಕಿಯನ್ನು ಓದಲು ಐಫೋನ್ ಸಾಮಾನ್ಯ ಆ್ಯಪ್‌ಗಳಿಗೆ ಅನುಮತಿ ಕೊಡುವುದಿಲ್ಲ. ಆಪಲ್‌ನದೇ ಆದ `AirPort Utility` ಹಾಕಿಕೊಂಡು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಪುಟಕ್ಕೆ ಹೋಗಿ `Wi-Fi Scanner` ಚಾಲೂ ಮಾಡಿದರೆ ಅಂಕಿಗಳು ಕಾಣುತ್ತವೆ. ಅದು ನಕ್ಷೆ ಬರೆಯದು, ಅಂಕಿಯನ್ನು ನೀವೇ ಹಾಳೆಯ ಮೇಲೆ ಗುರುತು ಮಾಡಿಕೊಳ್ಳಬೇಕು. ಮೇಲೆ ಹೇಳಿದ ಬಣ್ಣದ ಮೋಸವನ್ನು ನೋಡಿದರೆ ನನಗೆ ಇದೇ ವಾಸಿಯೆನಿಸುತ್ತದೆ.

ತೀರ್ಥಹಳ್ಳಿಯಿಂದ: ಒಂದು ಮಾತು ಸೇರಿಸುತ್ತೇನೆ. ಬೇಸಿಗೆಯಲ್ಲಿ ಮಾಡಿದ ನಕ್ಷೆ ನಮ್ಮಲ್ಲಿ ಮಳೆಗಾಲಕ್ಕೆ ಹೊಂದಲಿಲ್ಲ, ಹಿಂದಿನ ಕೋಣೆಗಳಲ್ಲಿ ಸಿಗ್ನಲ್ ಇನ್ನೂ ಇಳಿಯಿತು. ಮಣ್ಣಿನ ಗೋಡೆ ತೇವ ಹೀರುವುದೇ ಕಾರಣವೆಂದು ನನ್ನ ಅಂದಾಜು.

ಶಿರಸಿಯಿಂದ: ತೇವಕ್ಕೆ ಸಿಗ್ನಲ್ ಕುಗ್ಗುವುದು ನಿಜ. ಆದರೆ ಮಳೆಗಾಲದಲ್ಲಿ ನಾವು ಬಾಗಿಲುಗಳನ್ನೆಲ್ಲ ಮುಚ್ಚಿಡುತ್ತೇವೆ, ತೊಟ್ಟಿಗೆ ತಗಡಿನ ಮರೆಯನ್ನೂ ಕಟ್ಟುತ್ತೇವೆ. ತಗಡು ಸಿಗ್ನಲನ್ನು ತಡೆಯುವಷ್ಟು ಗೋಡೆಯ ತೇವ ತಡೆಯಲಾರದೆಂದು ನನ್ನ ಅನಿಸಿಕೆ. ನಿಮ್ಮಲ್ಲಿಯೂ ತಗಡು ಕಟ್ಟುತ್ತಾರೆಯೇ?

ತೀರ್ಥಹಳ್ಳಿಯಿಂದ: ಕಟ್ಟುವುದಿಲ್ಲ, ಅಡಿಕೆ ಸೋಗೆಯ ಮರೆಯಷ್ಟೇ. ಅದೂ ನೆನೆದೇ ಇರುತ್ತದೆ.