ಸಹಾಯ ಬೇಕು: ಬೇಸ್ ಪ್ಲೇಟ್ ಕೆಳಗಿನ ಗಾರೆ ಕುಗ್ಗಿದೆ

ಬದಿಯಡ್ಕದ ಹತ್ತಿರ ಅಡಿಕೆ ಗೋದಾಮಿಗೆ ಸ್ಟೀಲ್ ಕಂಬ ನಿಲ್ಲಿಸಿದ್ದೇವೆ. ಆಂಕರ್ ಬೋಲ್ಟಿನ ಕೆಳಗಿನ ನಟ್ ತಿರುಗಿಸಿ ಬೇಸ್ ಪ್ಲೇಟ್ ಮಟ್ಟ ಮಾಡಿದ್ದರಿಂದ, ಕಾಂಕ್ರೀಟಿನ ಮೇಲೆ 40 ಮಿ.ಮೀ. ಸಂದು ಉಳಿಯಿತು. ಕಂಟ್ರಾಕ್ಟರ್ ಅದಕ್ಕೆ ನಾನ್-ಶ್ರಿಂಕ್ ಗ್ರೌಟ್ ಬದಲು ಸಾದಾ ಸಿಮೆಂಟ್ ಗಾರೆ ತುಂಬಿದರು. ಒಣಗಿ ಕುಗ್ಗಿ, ಈಗ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಸುತ್ತಿಗೆಯಿಂದ ಪ್ಲೇಟ್ ತಟ್ಟಿದರೆ ಟೊಳ್ಳು ಶಬ್ದ.

"ಬೋಲ್ಟ್ ಭಾರ ತಡೀತದೆ" ಅನ್ನುತ್ತಾರೆ ಅವರು. ಆದರೆ ಭಾರ ಪ್ಲೇಟಿನ ಪೂರ್ತಿ ಅಗಲದಿಂದ ಕಾಂಕ್ರೀಟಿಗೆ ಇಳಿಯಬೇಕು ಅಲ್ವಾ? ಬೋಲ್ಟ್ ಮುಖ್ಯವಾಗಿ ಗಾಳಿಗೆ ಕಂಬ ಏಳದಂತೆ ಹಿಡಿಯಲು. ಈಗ ಭಾರವೆಲ್ಲ ನಾಲ್ಕು ನಟ್ ಮೇಲೆ ಕೂತಿದೆ.

ಬಿರುಕಿಗೆ ಸಿಮೆಂಟ್ ಹಾಲು ಬಿಟ್ಟೆವು, ಒಳಗೆ ಹೋಗಲಿಲ್ಲ. ಮಾಡಿಗೆ ಶೀಟ್ ಇನ್ನೂ ಹಾಕಿಲ್ಲ.

ಗಾರೆ ಪೂರ್ತಿ ಕೆತ್ತಿ ತೆಗೆದು, ಗಾಳಿ ಸಿಕ್ಕಿಕೊಳ್ಳದಂತೆ ಒಂದೇ ಬದಿಯಿಂದ ಗ್ರೌಟ್ ಸುರಿಯಲೇಬೇಕಾ, ಅಥವಾ ಎಪಾಕ್ಸಿ ಇಂಜೆಕ್ಷನ್ ಸಾಕಾ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.