32ರ ಎಂಸಿಬಿ ಹಾಕಿಸಬೇಡಿ ಅಂದ್ರೆ ಕೇಳ್ರಪ್ಪ

ಸುಧಾ: (ಫೋಟೊ) ಮೇಲಿನ ರೂಮಿಗೆ ಏಸಿ ಪಾಯಿಂಟ್ ಹಾಕಿಸುತ್ತಿದ್ದೇವೆ. ಎಲೆಕ್ಟ್ರಿಷಿಯನ್ ಬರೆದ ಚೀಟಿ ಇದು. 2.5 ಚದರ ಎಂಎಂ ತಾಮ್ರದ ವೈರ್, 32 ಆಂಪ್ ಎಂಸಿಬಿ. ಸರಿ ಇದೆಯಾ?

ಚಿಕ್ಕಪ್ಪ: ಸರಿ ಇದೆಯಮ್ಮ. ನಮ್ಮ ಕ್ಯಾತ್ಸಂದ್ರದ ಮನೇಲಿ 16ರದ್ದು ದಿನಾ ಬೀಳುತ್ತಿತ್ತು. 32 ಹಾಕಿಸಿದೆ, ಆಮೇಲೆ ಒಂದು ಸಲವೂ ಬಿದ್ದಿಲ್ಲ.

ಕಿರಣ: ಅದು ಬೀಳದೇ ಇರೋದೇ ಭಯ ಚಿಕ್ಕಪ್ಪ. ವೈರ್ ಕಾಯೋ ಮೊದಲೇ ಬಿದ್ದು ಕರೆಂಟ್ ಕಡಿಯಲಿ ಅಂತಲೇ ಎಂಸಿಬಿ ಇರೋದು. ಅಕ್ಕ, ಏಸಿಯ ಪಕ್ಕಕ್ಕೆ ಅಂಟಿಸಿರೋ ಚೀಟೀಲಿ ಹೆಚ್ಚೆಂದರೆ ಎಷ್ಟು ಆಂಪ್ ಅಂತ ಇದೆ?

ಸುಧಾ: 1850 ವ್ಯಾಟ್, 10 ಆಂಪ್. ಒಂದೂವರೆ ಟನ್, ಇನ್ವರ್ಟರ್.

ಕಿರಣ: 230 ವೋಲ್ಟಿಗೆ 8 ಆಂಪ್ ಆಯ್ತು. ಸಂಜೆ ವೋಲ್ಟೇಜ್ 190ಕ್ಕೆ ಇಳಿದರೆ ಅದೇ ಏಸಿ 9.7 ಎಳೆಯುತ್ತದೆ, ಅದಕ್ಕೇ 10 ಅಂತ ಬರೆದಿದ್ದಾರೆ. ಅದರ ಮೇಲೆ ಕಾಲು ಭಾಗ ಸೇರಿಸಿದರೆ 12.5. ಎಂಸಿಬಿಯಲ್ಲಿ ಸಾಮಾನ್ಯವಾಗಿ ಸಿಗೋ ಮುಂದಿನ ಸೈಜು 16. ಪೈಪಿನೊಳಗೆ ಹೋಗೋ 2.5ರ ವೈರ್ ನಮ್ಮ ಬೇಸಿಗೇಲಿ 20ರ ಆಸುಪಾಸು ತಡೆಯುತ್ತದೆ. ಏಸಿ 10, ಎಂಸಿಬಿ 16, ವೈರ್ 20. ಈ ಏಣಿ ಹೀಗೇ ಹತ್ತಬೇಕು. 32 ಹಾಕಿದರೆ ಎಂಸಿಬಿ ವೈರಿಗಿಂತ ಮೇಲೆ ಕೂತಿತು.

ಮಂಜು: ಏಸಿ ಎಳೆಯೋದೇ 10 ತಾನೇ? 32 ಇದ್ದರೇನು ಕಷ್ಟ?

ಕಿರಣ: ಇವತ್ತು 10. ನಾಳೆ ಯಾರೋ ಅದೇ ಪಾಯಿಂಟಿಂದ ಗೀಸರಿಗೂ ಇಸ್ತ್ರಿಗೂ ಲೈನ್ ಎಳೆಯುತ್ತಾರೆ, ನಮ್ಮ ಮನೇಲಿ ಇದು ಹೊಸದೇನಲ್ಲ. 3000 ವ್ಯಾಟ್ ಗೀಸರ್ 13, ಇಸ್ತ್ರಿ 4, ಏಸಿಯ 10 ಸೇರಿ ಒಟ್ಟು 27. 16ರದ್ದು ಕೆಲವು ನಿಮಿಷದಲ್ಲಿ ಬೀಳುತ್ತದೆ. 32ರದ್ದಕ್ಕೆ ಲೆಕ್ಕಕ್ಕೇ ಇಲ್ಲ, 36 ಆಂಪ್ ಹರಿದರೂ ಒಂದು ಗಂಟೆ ಬೀಳಬಾರದು ಅಂತಲೇ ಅದನ್ನು ಮಾಡಿರುತ್ತಾರೆ. ಅಷ್ಟು ಹೊತ್ತೂ ವೈರ್ ಗೋಡೆಯೊಳಗೆ ಬೇಯುತ್ತಿರುತ್ತದೆ.

ಚಿಕ್ಕಪ್ಪ: ಹಾಗಾದರೆ ನಮ್ಮ ಮನೇಲಿ ಯಾಕೆ ಬೀಳುತ್ತಿತ್ತಪ್ಪ, ಅದು ಹೇಳು.

ಕಿರಣ: ಆನ್ ಆದ ಕ್ಷಣ ಬೀಳುತ್ತಿತ್ತಾ, ಅರ್ಧ ಗಂಟೆ ಓಡಿ ಬೀಳುತ್ತಿತ್ತಾ?

ಚಿಕ್ಕಪ್ಪ: ಕಂಪ್ರೆಸರ್ ಗುಂಯ್ ಅಂದ ತಕ್ಷಣ.

ಕಿರಣ: ಹಳೇ ಏಸಿ ಅಲ್ವಾ, ಸ್ಟಾರ್ಟ್ ಆಗುವಾಗ ಓಡುವಾಗಿನ ಹಲವು ಪಟ್ಟು ಎಳೆಯುತ್ತದೆ. ನಿಮ್ಮ ಎಂಸಿಬಿ ಮೇಲೆ ಬಿ16 ಅಂತ ಇದ್ದಿರಬೇಕು. ಬಿ ಆದರೆ ಅದರ ಮೇಲೆ ಬರೆದ ಆಂಪಿನ ಐದು ಪಟ್ಟಿನೊಳಗೇ ತಟ್ಟನೆ ಬೀಳುತ್ತದೆ, ಸಿ ಆದರೆ ಐದರಿಂದ ಹತ್ತು ಪಟ್ಟು. ಸಿ16 ಹಾಕಿದ್ದರೆ ಸಾಕಿತ್ತು. ಅರ್ಧ ಗಂಟೆ ಓಡಿ ಬಿದ್ದರೆ ಬೇರೆ ಕಥೆ, ಬಹಳ ಸಲ ಎಂಸಿಬಿಯ ತಿರುಪು ಸಡಿಲ ಇರುತ್ತದೆ. ಆ ಬಿಸಿಗೇ ಬೀಳುತ್ತದೆ, ಪಕ್ಕದ ವೈರ್ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಚಿಕ್ಕಪ್ಪ: ಕಂದು ಅಂತೂ ಆಗಿಲ್ಲ. ಇರು, ಮುಚ್ಚಳದ ಮೇಲೆ ಏನಿದೆ ನೋಡಿ ಹೇಳುತ್ತೇನೆ.

ಕಿರಣ: ಮೇಲಿನ ಅಕ್ಷರ ಓದಿದರೆ ಸಾಕು, ಬಿಚ್ಚೋಕೆ ಹೋಗಬೇಡಿ. ಅಕ್ಕ, ಮುಂದೆ 2 ಟನ್ ಹಾಕೋ ಯೋಚನೆ ಇದ್ದರೆ ಈಗಲೇ 4ರ ವೈರ್ ಎಳೆಸು, ಎಂಸಿಬಿ ಸಿ20. ಇಲ್ಲದಿದ್ದರೆ 2.5, ಸಿ16. ಎಂಸಿಬಿಗಳು ಕೂತಿರೋ ಡಿಬಿ ಪೆಟ್ಟಿಗೆಯಿಂದ ನೇರ ಲೈನ್, ಜೊತೆಗೆ ಅರ್ತ್ ವೈರ್.

ಸುಧಾ: ಅವನು 32ರದ್ದು ತಂದಾಗಿದೆ ಕಣೋ.

ಮಂಜು: ಬಿಲ್ ಇಟ್ಟುಕೊಂಡಿದ್ದೀಯಲ್ಲ ಅಕ್ಕ, ಅಂಗಡೀಲಿ ಬದಲಾಯಿಸಿ ಕೊಡುತ್ತಾರೆ. ನಾನೇ ಸಂಜೆ ಹೋಗುತ್ತೇನೆ.